ಐಫೋನ್‌ನಲ್ಲಿ ಕಾಣದಾದ ಆರ್ಡರ್ ಬಟನ್

ಪುಸ್ತಕದಂಗಡಿಯೊಂದಕ್ಕೆ ನಾನು ರೂಪಿಸಿದ ಜಾಲತಾಣದ ಆರ್ಡರ್ ಪುಟದಲ್ಲಿ ಕೊನೆಯ ಬಟನ್ ಪರದೆಯ ತಳಕ್ಕೆ ಅಂಟಿಕೊಂಡಿರಬೇಕಿತ್ತು. ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಮೊಬೈಲ್ ಅಳತೆಯನ್ನು ಆರಿಸಿ ನೋಡಿದಾಗ ಎಲ್ಲವೂ ಸರಿಯಾಗಿತ್ತು. ಆದರೆ ನಿಜವಾದ ಆಂಡ್ರಾಯ್ಡ್ ಫೋನಿನಲ್ಲಿ ಬಟನ್‌ನ ಕೆಳ ಅಂಚು ಕತ್ತರಿಸಿತ್ತು, ಐಫೋನಿನ ಸಫಾರಿಯಲ್ಲಂತೂ ಬಟನ್ ಕಾಣಲೇ ಇಲ್ಲ.

ಪುಟಕ್ಕೆ ನಾನು ಕೊಟ್ಟಿದ್ದ `100vh`, ಅಂದರೆ ಪರದೆಯ ಪೂರ್ಣ ಎತ್ತರವೇ ಇದಕ್ಕೆ ಕಾರಣವಾಗಿತ್ತು. ಫೋನಿನ ಬ್ರೌಸರ್‌ಗಳು ಈ ಎತ್ತರವನ್ನು ವಿಳಾಸಪಟ್ಟಿ ಕುಗ್ಗಿದ ಸ್ಥಿತಿಗೆ ಲೆಕ್ಕ ಹಾಕುತ್ತವೆ. ಪುಟ ತೆರೆದಾಗ ಪಟ್ಟಿ ಪೂರ್ಣವಾಗಿ ಇರುವುದರಿಂದ ಅಷ್ಟು ಭಾಗ ಪರದೆಯ ಆಚೆಗೆ ಉಳಿಯುತ್ತದೆ. ಸ್ಕ್ರೋಲ್ ಅನ್ನು `overflow: hidden` ಮೂಲಕ ನಾನೇ ತಡೆದಿದ್ದರಿಂದ, ಗ್ರಾಹಕರು ಆ ಬಟನ್ ತಲುಪಲು ಬೇರೆ ದಾರಿಯೂ ಇರಲಿಲ್ಲ. ಲ್ಯಾಪ್‌ಟಾಪ್‌ನ ಅನುಕರಣೆಯಲ್ಲಿ ಕುಗ್ಗಿ ಹಿಗ್ಗುವ ಪಟ್ಟಿಯೇ ಇಲ್ಲದ ಕಾರಣ ದೋಷ ಅಲ್ಲಿ ಕಾಣುವುದು ಸಾಧ್ಯವಿರಲಿಲ್ಲ. ಪರಿಹಾರವಾಗಿ, ಪಟ್ಟಿ ಕುಗ್ಗಿ ಹಿಗ್ಗಿದಂತೆ ತಾನೂ ಬದಲಾಗುವ `dvh` ಅಳತೆಯನ್ನು ಸೇರಿಸಿದೆ:

```css
.order {
  height: 100vh;
  height: 100dvh;
}
```

ಇಲ್ಲಿ ಸಾಲುಗಳ ಕ್ರಮ ಮುಖ್ಯ. `dvh` ಅರ್ಥವಾಗದ ಹಳೆಯ ಬ್ರೌಸರ್, ಅಂದರೆ ಸಫಾರಿ 15.4 ಅಥವಾ ಕ್ರೋಮ್ 108ಕ್ಕಿಂತ ಹಿಂದಿನದು, ಎರಡನೆಯ ಸಾಲನ್ನು ಬಿಟ್ಟು ಮೊದಲನೆಯದನ್ನೇ ಬಳಸುತ್ತದೆ. ಅಂಥವುಗಳಿಗಾಗಿ ನಾನು ಸ್ಕ್ರೋಲ್ ತಡೆಯನ್ನೂ ತೆಗೆದುಹಾಕಿದೆ.

ಈಗ ತಾಣವನ್ನು ಬಿಡುಗಡೆ ಮಾಡುವ ಮುನ್ನ ಒಂದು ಆಂಡ್ರಾಯ್ಡ್ ಮತ್ತು ಒಂದು ಐಫೋನ್ ಕೈಯಲ್ಲಿ ಹಿಡಿದು, ಕೀಬೋರ್ಡ್ ತೆರೆದು, ಫೋನನ್ನು ಅಡ್ಡ ತಿರುಗಿಸಿ, ಒಂದು ಆರ್ಡರನ್ನು ಕೊನೆಯವರೆಗೂ ಪೂರ್ಣಗೊಳಿಸಿ ನೋಡುತ್ತೇನೆ. ತಾಣ ಹುಡುಕಾಟದ ಫಲಿತಾಂಶಗಳಲ್ಲಿ ಬಾರದಂತೆ ಪರೀಕ್ಷೆಯ ಅವಧಿಯಲ್ಲಿ ಹಾಕಿದ್ದ `noindex` ತೆಗೆದಿದ್ದೇನೆಯೇ ಎಂಬುದು ನನ್ನ ಪರೀಕ್ಷಾ ಪಟ್ಟಿಯ ಕೊನೆಯ ಸಾಲು.