ತಪ್ಪು ಕೀ ಒತ್ತಿದ ಮರುಕ್ಷಣದ ಅಲೆ: ನನ್ನ ಅನುಭವ

ತಪ್ಪು ಕೀ ಒತ್ತಿದ 50ರಿಂದ 100 ಮಿಲಿಸೆಕೆಂಡಿನೊಳಗೆ ನೆತ್ತಿಯ ಸ್ವಲ್ಪ ಮುಂದೆ ಒಂದು ಋಣ ವಿದ್ಯುತ್ ಅಲೆ ಏಳುತ್ತದೆ. ಅದೇ ಎರರ್ ರಿಲೇಟೆಡ್ ನೆಗೆಟಿವಿಟಿ, ಚಿಕ್ಕದಾಗಿ ಇಆರ್‌ಎನ್. 1990ರ ದಶಕದ ಶುರುವಿನಲ್ಲಿ ಫಾಲ್ಕೆನ್‌ಸ್ಟೈನ್ ಮತ್ತು ಗೆಹ್ರಿಂಗ್ ಅವರ ತಂಡಗಳು ಇದನ್ನು ಬೇರೆ ಬೇರೆಯಾಗಿ ಗುರುತಿಸಿದವು. ನಾನು ಇದನ್ನು ಅಳೆದದ್ದು ಮಡಿಕೇರಿಯಲ್ಲಿ, ಕಾಲೇಜು ವಿದ್ಯಾರ್ಥಿಗಳ ತಲೆಗೆ ಮೆದುಳಿನ ವಿದ್ಯುತ್ ಅಳೆಯುವ ಇಇಜಿ ಟೊಪ್ಪಿ ಹಾಕಿ.

ಆಟ ಸರಳ. ಪರದೆಯಲ್ಲಿ ಐದು ಬಾಣ ಬರುತ್ತವೆ. ನಡುವಿನ ಬಾಣ ಯಾವ ಕಡೆಗಿದೆಯೋ ಆ ಕೀ ಒತ್ತಬೇಕು. `<<><<` ಬಂದಾಗ ಅಕ್ಕಪಕ್ಕದವು ಬೆರಳನ್ನು ಎಡಕ್ಕೆ ಎಳೆಯುತ್ತವೆ.

ಕಷ್ಟ ಇರುವುದು ತಪ್ಪುಗಳನ್ನು ಸಾಕಷ್ಟು ಪಡೆಯುವುದರಲ್ಲಿ. ಸೋಮವಾರಪೇಟೆ ಕಡೆಯ ಒಬ್ಬ ಹುಡುಗಿ ಮೊದಲ 40 ಬಾರಿಯಲ್ಲಿ ಒಂದೇ ತಪ್ಪು ಮಾಡಿದಳು. ಸರಾಸರಿ ಅಲೆ ನಂಬುವಂತಿರಲು ಕಡಿಮೆಯೆಂದರೂ ಆರೇಳು ತಪ್ಪು ಬೇಕು, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅದಕ್ಕೇ ಪ್ರತಿ ಸುತ್ತಿನ ಕೊನೆಗೆ ಎಣಿಸುತ್ತಿದ್ದೆ. ಸರಿಯುತ್ತರ ನೂರಕ್ಕೆ 90 ದಾಟಿದರೆ "ಇನ್ನೂ ಬೇಗ ಒತ್ತಮ್ಮ" ಎನ್ನುತ್ತಿದ್ದೆ. 75ಕ್ಕಿಂತ ಇಳಿದರೆ "ಸ್ವಲ್ಪ ನೋಡಿ ಒತ್ತು". 320 ಬಾರಿ ಮುಗಿಯುವಷ್ಟರಲ್ಲಿ 29 ತಪ್ಪು ಸಿಕ್ಕಿತು. ಆಟದ ನಡುವೆ ಅವಳೇ ಹೇಳಿದಳು: "ಅಯ್ಯೋ ಮೇಡಂ, ಕೈ ಮೊದ್ಲೇ ಹೋಯ್ತು!"

ಆ ಮಾತಿನಲ್ಲೇ ಲೆಕ್ಕದ ಗುಟ್ಟೂ ಇದೆ. ಬಾಣ ಕಂಡ ಹೊತ್ತಿಗೆ ಅಲೆಗಳನ್ನು ಸಾಲಾಗಿಸಿದರೆ ಇಆರ್‌ಎನ್ ಕದಡಿಹೋಗುತ್ತದೆ, ಯಾಕೆಂದರೆ ಪ್ರತಿ ಸಲ ಬೆರಳು ಬೇರೆ ಬೇರೆ ಹೊತ್ತಿಗೆ ಹೋಗುತ್ತದೆ. ಕೀ ಒತ್ತಿದ ಗಳಿಗೆಯನ್ನೇ ಸೊನ್ನೆ ಎಂದಿಟ್ಟು ಸರಾಸರಿ ತೆಗೆಯಬೇಕು. ವೈರ್‌ಲೆಸ್ ಕೀಬೋರ್ಡ್ ಬೇಡವೇ ಬೇಡ. ಅದರ ವಿಳಂಬ ಒಂದೊಂದು ಸಲಕ್ಕೆ ಒಂದೊಂದು ಥರ. ಚೂಪಾಗಿ ಬರಬೇಕಾದ ಅಲೆ ಅಗಲವಾಗಿ ಚಪ್ಪಟೆಯಾಗಿದ್ದರೆ ನಾನು ಮೊದಲು ನೋಡುವುದು ಕೀಬೋರ್ಡನ್ನೇ. ನಮ್ಮ ಮಳೆಗಾಲದ ತೇವದಲ್ಲಿ ಕೂದಲು ಒದ್ದೆ ಇದ್ದರೆ ಪಕ್ಕಪಕ್ಕದ ಎಲೆಕ್ಟ್ರೋಡುಗಳು ಒಂದಕ್ಕೊಂದು ಕೂಡಿ ಒಂದೇ ಥರ ತೋರಿಸುತ್ತವೆ, ಹಾಗಾಗಿ ಮೊದಲು ತಲೆ ಚೆನ್ನಾಗಿ ಒಣಗಿಸುತ್ತೇವೆ.

ನೆತ್ತಿಯ ಸ್ವಲ್ಪ ಮುಂದೆ ಇರುವ ಅವಳ FCz ಎಲೆಕ್ಟ್ರೋಡಿನಲ್ಲಿ, ತಪ್ಪಿನ ಸರಾಸರಿಯಿಂದ ಸರಿಯದನ್ನು ಕಳೆದಾಗ, ಸುಮಾರು 60 ಮಿಲಿಸೆಕೆಂಡಿನಲ್ಲಿ ಚೂಪಾದ ಅಲೆ ಕಂಡಿತು. ಇಂಥ ಅಲೆಯ ಮೂಲ ಮೆದುಳಿನ ನಡುಗೆರೆಯ ಪಕ್ಕದ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಎಂದು ಹೆಚ್ಚಿನವರ ಲೆಕ್ಕ. ಆದರೆ ನೆತ್ತಿಯ ಮೇಲಿನ ಅಳತೆಯೊಂದರಿಂದಲೇ ಜಾಗವನ್ನು ಖಚಿತವಾಗಿ ಹೇಳಲಾಗದು.

ಆ ಜಾಗ ಬರೀ ತಪ್ಪನ್ನು ಹಿಡಿಯುತ್ತದೆಯೇ? 1998ರಲ್ಲಿ ಕಾರ್ಟರ್ ತಂಡ ಮೆದುಳಿನ ಯಾವ ಜಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐಯಲ್ಲಿ ನೋಡಿದಾಗ, ಎರಡು ಉತ್ತರಗಳು ಸೆಣಸುವ ಸಂದರ್ಭದಲ್ಲಿ ಸರಿಯುತ್ತರ ಕೊಟ್ಟಾಗಲೂ ಅದು ಚುರುಕಾಗಿತ್ತು. ಆ ಜಾಗ ಹಿಡಿಯುವುದು ಉತ್ತರಗಳ ಈ ಸೆಣಸಾಟವನ್ನೇ ಎನ್ನುವ ಸಂಘರ್ಷ ಸಿದ್ಧಾಂತದವರು ಇಆರ್‌ಎನ್ ಅನ್ನೂ ಹೀಗೇ ಬಿಡಿಸುತ್ತಾರೆ: ತಪ್ಪು ಕೀ ಒತ್ತಿದ ಮೇಲೂ ಬಾಣದ ಲೆಕ್ಕಾಚಾರ ನಿಂತಿರುವುದಿಲ್ಲ. ಸರಿಯುತ್ತರ ತಡವಾಗಿ ಮೇಲೆದ್ದು ಈಗಾಗಲೇ ಹೋದ ತಪ್ಪಿನೊಂದಿಗೆ ತಿಕ್ಕಾಡುತ್ತದೆ. ಸರಿಯಾಗಿ ಒತ್ತಿದಾಗ ಆ ತಿಕ್ಕಾಟ ಒತ್ತುವ ಮೊದಲೇ ಮುಗಿದಿರುತ್ತದೆ.