ಚಳಿಗೆ ಎಳೆಯದ ರಿಲೇ

ಡಿಸೆಂಬರ್ ತಿಂಗಳು, ಬೆಳಿಗ್ಗೆ ಐದೂವರೆ. ಅಮ್ಮ ಬಂದು ಎಬ್ಬಿಸಿದರು. "ಟ್ಯಾಂಕ್ ಖಾಲಿ ಕಣೋ, ನೀರೇ ಹತ್ತಿಲ್ಲ."

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸಲು ನಾನೇ ಒಂದು ಬೋರ್ಡ್ ಮಾಡಿದ್ದೆ. ನೀರು ಕಡಿಮೆಯಾದರೆ ಆರ್ಡುಯಿನೊ ಪಿನ್ 5 ವೋಲ್ಟ್ ಕೊಡುತ್ತದೆ. ಅದರಿಂದ BC547 ಟ್ರಾನ್ಸಿಸ್ಟರ್ ಆನ್ ಆಗಿ 5 ವೋಲ್ಟಿನ ರಿಲೇ ಎಳೆಯುತ್ತದೆ, ಆ ರಿಲೇ ಪಂಪಿನ ಕಾಂಟ್ಯಾಕ್ಟರ್ ಎಳೆಯುತ್ತದೆ. ಮೋಟರನ್ನು ನೇರವಾಗಿ ಸಣ್ಣ ರಿಲೇಗೆ ನಾನು ಕೊಡುವುದಿಲ್ಲ. ಸ್ಟಾರ್ಟ್ ಆಗುವಾಗಿನ ಕರೆಂಟಿಗೆ ಅದರ ಪಾಯಿಂಟುಗಳು ಅಂಟಿಕೊಂಡುಬಿಡುತ್ತವೆ.

ಮಧ್ಯಾಹ್ನ ನೋಡಿದರೆ ಎಲ್ಲ ಸರಿ, ಟಕ್ ಅಂತ ಎಳೆಯುತ್ತಿತ್ತು. ಮೂರು ದಿನ ಇದೇ ಕಥೆ. ಬೆಳಗಿನ ಚಳಿಯಲ್ಲಿ ಮಾತ್ರ ಇಲ್ಲ. ಸೆನ್ಸರ್ ವೈರ್ ನೋಡಿದೆ, ಬೆಸುಗೆ ಮತ್ತೆ ಹಾಕಿದೆ. ನಾಲ್ಕನೇ ದಿನ ಪಂಪಿನ ಎಂಸಿಬಿ ಇಳಿಸಿ, ಆ ಚಳಿಯಲ್ಲೇ ಮಲ್ಟಿಮೀಟರ್ ಹಿಡಿದು ಕೂತೆ.

ಪಿನ್ನಿನಲ್ಲಿ 5 ವೋಲ್ಟ್ ಪೂರ್ತಿ ಇತ್ತು. ಕಲೆಕ್ಟರ್ ಮತ್ತು ಎಮಿಟರ್ ಮಧ್ಯೆ 1.4 ವೋಲ್ಟ್. ಅಂದರೆ ರಿಲೇ ಕಾಯಿಲ್‌ಗೆ ಸಿಗುತ್ತಿದ್ದದ್ದು 3.6 ಮಾತ್ರ. ಈ ರಿಲೇ ಖಂಡಿತ ಎಳೆಯಲು ಬೇಕಾದದ್ದು 5 ವೋಲ್ಟಿನ ಶೇಕಡಾ 75, ಅಂದರೆ 3.75. ಮಧ್ಯಾಹ್ನ ಅಲ್ಲೇ ಅಳೆದಾಗ ಟ್ರಾನ್ಸಿಸ್ಟರ್ ಮೇಲೆ 1.1, ಕಾಯಿಲ್ ಮೇಲೆ 3.9. ಕೂದಲೆಳೆ ಅಂತರದಲ್ಲಿ ನಡೆಯುತ್ತಿತ್ತು.

ಪೂರ್ತಿ ಆನ್ ಆದ BC547 ಮೇಲೆ ಸುಮಾರು 0.2 ವೋಲ್ಟ್ ಉಳಿಯಬೇಕು. ಅದನ್ನೇ ಸ್ಯಾಚುರೇಶನ್ ಅನ್ನುವುದು. 1.4 ಉಳಿದಿದೆ ಅಂದರೆ ನಲ್ಲಿ ಅರ್ಧ ಮಾತ್ರ ತಿರುಗಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಕಾಯಿಲ್ ಕರೆಂಟನ್ನು ತೀರ್ಮಾನಿಸುವುದು ಟ್ರಾನ್ಸಿಸ್ಟರಿನ ಗೇನ್, ಅಂದರೆ ಬೇಸಿಗೆ ಕೊಟ್ಟ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಅನ್ನುವುದು. ಗೇನ್ ಬಿಸಿಲಿಗೆ ಏರುತ್ತದೆ, ಚಳಿಗೆ ಇಳಿಯುತ್ತದೆ. ನಮ್ಮ ಡಿಸೆಂಬರ್ ಬೆಳಗಿಗೆ ಅಷ್ಟು ಇಳಿದದ್ದೇ ಸಾಕಾಯಿತು.

ತಪ್ಪು ಇದ್ದದ್ದು ಪಿನ್ನಿಗೂ ಬೇಸಿಗೂ ಮಧ್ಯೆ ಇರುವ ರೆಸಿಸ್ಟರಿನಲ್ಲಿ. ಅದಕ್ಕೂ ಮುಂಚೆ ಇದೇ ಟ್ರಾನ್ಸಿಸ್ಟರಿನಿಂದ 10 ಮಿಲಿಆಂಪಿನ ಎಲ್ಇಡಿ ಉರಿಸಿದ್ದೆ, 10 ಕಿಲೊಓಮ್ ಹಾಕಿ. ಅಲ್ಲಿ ಅದು ಸರಿಯಾಗೇ ಇತ್ತು. ಬೇಸಿಗೆ 0.43 ಮಿಲಿಆಂಪ್ ಹೋಗುತ್ತಿತ್ತು, ಅಂದರೆ ಎಲ್ಇಡಿ ಕರೆಂಟಿನ 23ರಲ್ಲಿ ಒಂದು ಪಾಲು. ಅದೇ 10 ಕಿಲೊಓಮ್ ಇಲ್ಲೂ ಹಾಕಿಬಿಟ್ಟೆ. ಆದರೆ ಈ ಕಾಯಿಲ್ 70 ಓಮ್, ಅದಕ್ಕೆ ಬೇಕಾದ್ದು 70 ಮಿಲಿಆಂಪಿಗೂ ಸ್ವಲ್ಪ ಜಾಸ್ತಿ.

ಹಾಗಾಗಿ ಲೆಕ್ಕವನ್ನು ಕಾಯಿಲ್‌ನಿಂದ ಶುರು ಮಾಡಿದೆ. ಡೇಟಾಶೀಟಿನಲ್ಲಿ ಗೇನ್ 200 ಅಂತ ಇದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅದು ಅರ್ಧ ತೆರೆದ ಸ್ಥಿತಿಯ ಸಂಖ್ಯೆ. BC547ರ ಸ್ಯಾಚುರೇಶನ್ ವೋಲ್ಟೇಜ್ ಕೊಟ್ಟಿರುವುದು ಕಲೆಕ್ಟರಿನಲ್ಲಿ 100, ಬೇಸಿನಲ್ಲಿ 5 ಮಿಲಿಆಂಪ್ ಇರುವಾಗ. ಅಂದರೆ 20ಕ್ಕೆ 1.

```
Ic = 5 / 70      ≈ 71 mA
Ib = 71 / 20     ≈ 3.6 mA
Rb = (5 - 0.7) / 3.6 mA ≈ 1.2 k
```

ನಾನು ಇನ್ನೂ ಒಂದು ಮೆಟ್ಟಿಲು ಇಳಿದು 1 ಕಿಲೊಓಮ್ ಹಾಕಿದೆ. ಬೇಸಿಗೆ 4.3 ಮಿಲಿಆಂಪ್ ಸಿಗುತ್ತದೆ, ಅದು ಆರ್ಡುಯಿನೊ ಪಿನ್ನಿಗೆ ಭಾರವೇ ಅಲ್ಲ. ಮರುದಿನ ಬೆಳಿಗ್ಗೆ ಅಳೆದಾಗ ಟ್ರಾನ್ಸಿಸ್ಟರ್ ಮೇಲೆ 0.15 ವೋಲ್ಟ್. ಮಧ್ಯಾಹ್ನವೂ ಅಷ್ಟೇ. BC547ರ ಮಿತಿ 100 ಮಿಲಿಆಂಪ್. ಕಾಯಿಲ್ ಇದಕ್ಕಿಂತ ದೊಡ್ಡದಿದ್ದರೆ ಟ್ರಾನ್ಸಿಸ್ಟರನ್ನೇ ಬದಲಿಸುತ್ತಿದ್ದೆ.

ಎರಡು ವಾರಕ್ಕೆ ಟ್ಯಾಂಕ್ ತುಂಬಿ ಹರಿಯಿತು. ಪಿನ್ ಸೊನ್ನೆಗೆ ಇಳಿದಿದ್ದರೂ ಪಂಪ್ ನಿಂತಿರಲಿಲ್ಲ. ಟ್ರಾನ್ಸಿಸ್ಟರ್ ಬಿಚ್ಚಿ ಅಳೆದರೆ ಕಲೆಕ್ಟರ್, ಎಮಿಟರ್ ಎರಡೂ ಶಾರ್ಟ್. ಕಾಯಿಲ್‌ಗೆ ಡಯೋಡ್ ಹಾಕಿರಲಿಲ್ಲ ನಾನು. ಬ್ರೆಡ್‌ಬೋರ್ಡಿನಲ್ಲಿ ಇಲ್ಲದೆಯೂ ನಡೆದಿತ್ತು, ಅದಕ್ಕೇ ಬಿಟ್ಟಿದ್ದೆ.

ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನು ಥಟ್ ಅಂತ ಕಡಿದರೆ ಅದು ನಿಲ್ಲಲು ಒಪ್ಪುವುದಿಲ್ಲ. ದಾರಿ ಸಿಗುವ ತನಕ ಕಲೆಕ್ಟರಿನ ವೋಲ್ಟೇಜನ್ನು ಏರಿಸುತ್ತಲೇ ಹೋಗುತ್ತದೆ. BC547 ತಡೆಯುವುದು 45 ವೋಲ್ಟ್. ರೆಸಿಸ್ಟರ್ ಸರಿಮಾಡಿದ ಮೇಲೆ ಕರೆಂಟ್ 51ರಿಂದ 70 ಮಿಲಿಆಂಪಿಗೆ ಏರಿತ್ತು. ಕಾಯಿಲ್‌ನಲ್ಲಿ ತುಂಬಿರುವ ಶಕ್ತಿ ಕರೆಂಟಿನ ವರ್ಗದಂತೆ ಏರುವುದರಿಂದ ಪ್ರತಿ ಸಲದ ಹೊಡೆತವೂ ಸುಮಾರು ದುಪ್ಪಟ್ಟಾಗಿತ್ತು.

ಹೊಸ ಟ್ರಾನ್ಸಿಸ್ಟರ್ ಜೊತೆ ಕಾಯಿಲ್‌ನ ಎರಡು ಕಾಲಿಗೆ ಅಡ್ಡಲಾಗಿ ಒಂದು 1N4007 ಬೆಸೆದೆ. ಬೆಳ್ಳಿ ಪಟ್ಟಿ ಇರುವ ತುದಿ 5 ವೋಲ್ಟಿನ ಕಡೆ, ಇನ್ನೊಂದು ಕಲೆಕ್ಟರ್ ಕಡೆ. ಈಗ ಆಫ್ ಮಾಡಿದಾಗ ಕಲೆಕ್ಟರ್ 5.7 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಕರೆಂಟ್ ಡಯೋಡಿನಲ್ಲಿ ಸುತ್ತಿ ಕರಗುತ್ತದೆ. ರಿಲೇ ಬಿಡುವುದು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ, ಪಂಪಿಗೆ ಅದು ಲೆಕ್ಕಕ್ಕಿಲ್ಲ. ಕರೆಂಟ್ ಕೊಡುವ ಮುಂಚೆ ಪಟ್ಟಿಯನ್ನು ಎರಡು ಸಲ ನೋಡಿದೆ. ಅದು ತಿರುಗಿದ್ದರೆ ಟ್ರಾನ್ಸಿಸ್ಟರ್ ಆನ್ ಆದ ಕ್ಷಣವೇ 5 ವೋಲ್ಟಿನ ಸಪ್ಲೈ ನೇರ ಡಯೋಡ್ ಮೂಲಕ ನೆಲಕ್ಕೆ ಇಳಿಯುತ್ತಿತ್ತು.