ಲೋಲಕದ ಉತ್ತರ 9.8 ಬರಲಿಲ್ಲವೇ? ಕಾರಣ ಹುಡುಕುವುದು ಹೀಗೆ

ಪ್ಲಸ್ ವನ್ ಫಿಸಿಕ್ಸ್ ಲ್ಯಾಬಿನ ಸರಳ ಲೋಲಕದ ಪ್ರಯೋಗ ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆಲ್ಲ ಗೊತ್ತು. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಸಮಯ ಅಳೆದು, g ಕಂಡುಹಿಡಿಯಬೇಕು. ಉತ್ತರ 9.8 ಬರುವುದಿಲ್ಲ. ಆಗ ರೆಕಾರ್ಡಿನ ಕೊನೆಯಲ್ಲಿ ಒಂದು ಸಾಲು ಬೀಳುತ್ತದೆ: ‘ಮಾನವ ದೋಷದಿಂದ ಮತ್ತು ಗಾಳಿಯ ತಡೆಯಿಂದ ವ್ಯತ್ಯಾಸ ಬಂದಿದೆ.’ ಈ ಸಾಲು ಏನನ್ನೂ ಹೇಳುವುದಿಲ್ಲ. ಯಾವ ದೋಷ? ಅದರಿಂದ ಉತ್ತರ ಕಡಿಮೆಯಾಯಿತೋ ಜಾಸ್ತಿಯಾಯಿತೋ? ಎಷ್ಟು? ಈ ಮೂರಕ್ಕೂ ಉತ್ತರ ಇದ್ದರೆ ಮಾತ್ರ ಅದು ಕಾರಣ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಾರದ ಉದ್ದ 100 ಸೆಂ.ಮೀ. ಗುಂಡನ್ನು 26 ಸೆಂ.ಮೀ. ಬದಿಗೆ ಎಳೆದು ಬಿಡಲಾಗಿದೆ. 20 ಆಂದೋಲನಕ್ಕೆ ಹಿಡಿದ ಸಮಯ 40.6 ಸೆಕೆಂಡು. ಅಂದರೆ ಒಂದು ಆಂದೋಲನಕ್ಕೆ 2.03 ಸೆಕೆಂಡು. g = 4π²L/T² ಸೂತ್ರಕ್ಕೆ ಹಾಕಿದರೆ ಬರುವುದು 9.58.

ಮೊದಲು ಹೋಲಿಸುವ ಬೆಲೆಯನ್ನೇ ನೋಡಿ

9.8 ಎಂಬುದು ಬಾಯಿಲೆಕ್ಕಕ್ಕೆ ಅನುಕೂಲವಾಗಲಿ ಎಂದು ದುಂಡಾಗಿಸಿದ ಸಂಖ್ಯೆ. g ಭೂಮಿಯ ಎಲ್ಲ ಕಡೆ ಒಂದೇ ಅಲ್ಲ. ಸಮಭಾಜಕದಲ್ಲಿ ಸುಮಾರು 9.780, ಧ್ರುವದಲ್ಲಿ 9.832. ಕಾಸರಗೋಡು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದ ಹತ್ತಿರವೇ ಇದೆ. ಲೆಕ್ಕದ ಪ್ರಕಾರ ಇಲ್ಲಿ g ಸುಮಾರು 9.783. ಹಾಗಾಗಿ ನಾವು ಹೋಲಿಸಬೇಕಾದದ್ದು 9.78ರ ಜೊತೆ. ವ್ಯತ್ಯಾಸ 0.20, ಸುಮಾರು ಶೇ 2.

ಆಮೇಲೆ ವ್ಯತ್ಯಾಸದ ದಿಕ್ಕು ನೋಡಿ

ಪ್ರಯೋಗವನ್ನು ನಾಲ್ಕೈದು ಸಲ ಮಾಡಿ. ಉತ್ತರ ಒಮ್ಮೆ 9.78ಕ್ಕಿಂತ ಮೇಲೆ, ಒಮ್ಮೆ ಕೆಳಗೆ ಬಂದರೆ ಅದು ಸ್ಟಾಪ್ ವಾಚ್ ಒತ್ತುವ ಕೈಯ ಏರುಪೇರು. ಪ್ರತಿ ಸಲವೂ ಕೆಳಗೇ ಬರುತ್ತಿದ್ದರೆ ಅದಕ್ಕೆ ಬೇರೆ ಕಾರಣ ಇದೆ. ಯಾವುದೋ ಒಂದು ಸಂಗತಿ ಪ್ರತಿ ಸಲವೂ ಉತ್ತರವನ್ನು ಒಂದೇ ಕಡೆಗೆ ಎಳೆಯುತ್ತಿದೆ. ನೂರು ಸಲ ಮಾಡಿ ಸರಾಸರಿ ತೆಗೆದರೂ ಅದು ಹೋಗುವುದಿಲ್ಲ.

ನಮ್ಮ ಉತ್ತರ ಕಡಿಮೆ ಬಂದಿದೆ. ಸೂತ್ರವನ್ನೇ ಕೇಳಿ: g ಕಡಿಮೆ ಬರಬೇಕಾದರೆ L ಇರುವುದಕ್ಕಿಂತ ಚಿಕ್ಕದಾಗಿ ಅಳೆದಿರಬೇಕು, ಇಲ್ಲವೇ T ಬರಬೇಕಾದ್ದಕ್ಕಿಂತ ದೊಡ್ಡದಾಗಿರಬೇಕು. ಇಲ್ಲಿಗೆ ಹುಡುಕುವ ಜಾಗ ಎಷ್ಟೋ ಕಿರಿದಾಯಿತು, ಅಲ್ವಾ?

ಈ ದಿಕ್ಕಿನಿಂದಲೇ ಕೆಲವು ಕಾರಣ ಬಿಟ್ಟುಹೋಗುತ್ತವೆ. ವಾಚ್ ಒತ್ತುವಾಗಲೇ ‘ಒಂದು’ ಎಂದು ಎಣಿಸಲು ಶುರುಮಾಡುವ ಅಭ್ಯಾಸ ಬಹಳ ಮಕ್ಕಳಿಗಿದೆ. ಹಾಗೆ ಮಾಡಿದರೆ ‘ಇಪ್ಪತ್ತು’ ಅನ್ನುವಾಗ ಆಗಿರುವುದು 19 ಆಂದೋಲನ ಮಾತ್ರ. ಆಗ g ಸುಮಾರು 10.8 ಬರುತ್ತದೆ. ನಮಗೆ ಬಂದದ್ದು 9.58, ಆದ್ದರಿಂದ ಎಣಿಕೆ ಇಲ್ಲಿ ಕಾರಣವಲ್ಲ. ವಾಚ್ ಒತ್ತುವಾಗ ‘ಸೊನ್ನೆ’ ಎನ್ನುವುದು ಮಾತ್ರ ಯಾವತ್ತೂ ಬಿಡಬೇಡಿ.

ಈಗ ಪ್ರತಿ ಕಾರಣಕ್ಕೂ ಅಳತೆ ಕೊಡಿ

ಮೊದಲನೆಯದು ಉದ್ದ. 100 ಸೆಂ.ಮೀ. ಎಂದು ಅಳೆದದ್ದು ಗುಂಡಿನ ಮೇಲ್ತುದಿಯವರೆಗೆ. ಲೋಲಕದ ಉದ್ದ ಗುಂಡಿನ ನಡುವಿನವರೆಗೆ ಇರಬೇಕು. ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಗುಂಡಿನ ವ್ಯಾಸ 2.2 ಸೆಂ.ಮೀ. ಬಂದರೆ ತ್ರಿಜ್ಯ 1.1. ಸರಿಯಾದ ಉದ್ದ 101.1 ಸೆಂ.ಮೀ. ಮತ್ತೆ ಲೆಕ್ಕ ಹಾಕಿದರೆ g 9.69 ಆಗುತ್ತದೆ. ವ್ಯತ್ಯಾಸದ ಅರ್ಧ ಇಲ್ಲೇ ಸಿಕ್ಕಿತು.

ಎರಡನೆಯದು ತೂಗಾಟದ ಅಗಲ. ನಾವು ಬಳಸುವ ಸೂತ್ರ ಸಣ್ಣ ಕೋನಕ್ಕೆ ಮಾತ್ರ ಸರಿ. 101 ಸೆಂ.ಮೀ. ಲೋಲಕವನ್ನು 26 ಸೆಂ.ಮೀ. ಬದಿಗೆ ಎಳೆದರೆ ಕೋನ 15 ಡಿಗ್ರಿ. ಆಗ T ಸೂತ್ರ ಹೇಳುವುದಕ್ಕಿಂತ ಸುಮಾರು ಶೇ 0.43 ಜಾಸ್ತಿ. g ಲೆಕ್ಕದಲ್ಲಿ T ವರ್ಗವಾಗಿ ಬರುವುದರಿಂದ ಪರಿಣಾಮ ದುಪ್ಪಟ್ಟು. ಅಂದರೆ g ಶೇ 0.86ರಷ್ಟು, ಸುಮಾರು 0.08, ಕಡಿಮೆ ಬರುತ್ತದೆ. ಅದನ್ನು ಸೇರಿಸಿದರೆ 9.77. ತೂಗಾಡುತ್ತಾ ಕೋನ ಸ್ವಲ್ಪ ಸ್ವಲ್ಪವೇ ಇಳಿಯುವುದರಿಂದ ನಿಜವಾದ ಪರಿಣಾಮ ಇದಕ್ಕಿಂತ ತುಸು ಕಡಿಮೆ ಇರಬಹುದು. ಅದನ್ನೂ ಬರೆಯಿರಿ.

ಇನ್ನು ಗಾಳಿ. ಗಾಳಿ ಗುಂಡನ್ನು ಎತ್ತುವ ಪರಿಣಾಮ ಹಿತ್ತಾಳೆ ಗುಂಡಿಗೆ ಸುಮಾರು ಶೇ 0.014 ಮಾತ್ರ, g ಲೆಕ್ಕದಲ್ಲಿ 0.001ರ ಆಸುಪಾಸು. ಗಾಳಿಯ ತಡೆ ತೂಗಾಟದ ಅಗಲವನ್ನು ಇಳಿಸುತ್ತದೆ, ಸಮಯವನ್ನು ಬದಲಿಸುವುದು ತೀರಾ ಕಡಿಮೆ. 0.20 ವ್ಯತ್ಯಾಸವನ್ನು ಇದರ ತಲೆಗೆ ಕಟ್ಟಲು ಆಗುವುದಿಲ್ಲ. ಫ್ಯಾನ್ ಹಾಕಿಕೊಂಡೇ ಪ್ರಯೋಗ ಮಾಡಿದ್ದರೆ ಅದು ಬೇರೆ ಮಾತು. ಫ್ಯಾನ್ ಆರಿಸಿ ಮತ್ತೊಮ್ಮೆ ಅಳೆಯಿರಿ.

ಕೊನೆಗೆ ಕೈ. ಮೂರು ಸಲ ಅಳೆದಾಗ ಸಮಯ 40.5, 40.6, 40.7 ಹೀಗೆ ಬಂದಿದ್ದರೆ ಏರುಪೇರು 0.1 ಸೆಕೆಂಡು. ಅದು 40.6ರಲ್ಲಿ ಶೇ 0.25, g ಲೆಕ್ಕದಲ್ಲಿ ಶೇ 0.5. ಅಂದರೆ ಹೆಚ್ಚುಕಮ್ಮಿ 0.05. ನಮ್ಮ ಉತ್ತರ 9.77, ಆಚೀಚೆ 0.05. 9.78 ಇದರೊಳಗೇ ಇದೆ. ಮನುಷ್ಯರ ಕೈಯಿಂದ ಬಂದ ಪಾಲು ಇಷ್ಟೇ, ಮತ್ತು ಅದಕ್ಕೂ ಈಗ ಒಂದು ಸಂಖ್ಯೆ ಇದೆ.

ಹೇಳಿದ ಕಾರಣ ನಿಜವೇ ಎಂದು ಪರೀಕ್ಷಿಸಿ

ಲೆಕ್ಕ ಹೊಂದಿತು ಎಂದ ಮಾತ್ರಕ್ಕೆ ಕಾರಣ ನಿಜ ಎಂದಲ್ಲ. ಒಂದನ್ನು ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು ಮತ್ತೆ ಅಳೆಯಬೇಕು.

ಕೋನದ ವಿಷಯಕ್ಕೆ, ಗುಂಡನ್ನು 9 ಸೆಂ.ಮೀ. ಮಾತ್ರ ಎಳೆಯಿರಿ, ಅಂದರೆ 5 ಡಿಗ್ರಿ. 20 ಆಂದೋಲನಕ್ಕೆ ಸಮಯ ಸುಮಾರು 0.15 ಸೆಕೆಂಡು ಇಳಿಯಬೇಕು. ಆದರೆ ಕೈಯ ಏರುಪೇರೇ 0.1 ಇದೆ, ಹಾಗಾಗಿ ಸರಿಯಾಗಿ ಕಾಣುವುದಿಲ್ಲ. 50 ಆಂದೋಲನ ಎಣಿಸಿ. ಆಗ ಇಳಿಕೆ 0.4 ಸೆಕೆಂಡಿನ ಹತ್ತಿರ ಬರುತ್ತದೆ, ಕೈಯ ಏರುಪೇರು ಅಷ್ಟೇ ಉಳಿಯುತ್ತದೆ.

ಉದ್ದದ ವಿಷಯಕ್ಕೆ ಗ್ರಾಫ್ ಇದೆ. ನನಗೆ ಈ ಪ್ರಯೋಗದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ದಾರದ ಉದ್ದವನ್ನು 60ರಿಂದ 100 ಸೆಂ.ಮೀ.ವರೆಗೆ ಹತ್ತು ಹತ್ತರಂತೆ ಬದಲಿಸಿ, ಪ್ರತಿ ಸಲವೂ ಸಣ್ಣ ಕೋನದಲ್ಲೇ ಅಳೆದು, ಉದ್ದಕ್ಕೆ ಎದುರಾಗಿ T² ಗುರುತಿಸಿ. ಸರಳರೇಖೆ ಬರುತ್ತದೆ. ಗುಂಡಿನ ತ್ರಿಜ್ಯ ಬಿಟ್ಟುಹೋಗಿದ್ದರೆ ರೇಖೆ ಮೂಲಬಿಂದುವಿನಲ್ಲಿ ಹೋಗುವುದಿಲ್ಲ. ಹಿಂದಕ್ಕೆ ಎಳೆದರೆ ಉದ್ದದ ಅಕ್ಷವನ್ನು ಸೊನ್ನೆಯಿಂದ ಎಡಕ್ಕೆ 1.1 ಸೆಂ.ಮೀ. ಆಸುಪಾಸಿನಲ್ಲಿ ಕಡಿಯುತ್ತದೆ. ಬಿಟ್ಟುಹೋದ ತ್ರಿಜ್ಯವನ್ನು ಗ್ರಾಫೇ ಹೇಳಿಬಿಡುತ್ತದೆ! ರೇಖೆಯ ಇಳಿಜಾರು ಮಾತ್ರ ಬದಲಾಗುವುದಿಲ್ಲ. ಅದರಿಂದ ತೆಗೆದ g ಸರಿಯಾಗಿಯೇ ಇರುತ್ತದೆ.

ರೆಕಾರ್ಡಿನಲ್ಲಿ ಹೀಗೆ ಬರೆಯಿರಿ

‘ಪಡೆದ ಬೆಲೆ 9.58, ಇಲ್ಲಿನ ಸೈದ್ಧಾಂತಿಕ ಬೆಲೆ 9.78. ಎಲ್ಲ ಅಳತೆಗಳಲ್ಲೂ g ಕಡಿಮೆಯೇ ಬಂದಿದೆ. ಗುಂಡಿನ ತ್ರಿಜ್ಯ 1.1 ಸೆಂ.ಮೀ. ಸೇರಿಸದೆ ಇದ್ದದ್ದರಿಂದ ಸುಮಾರು 0.11, ಕೋನ 15 ಡಿಗ್ರಿ ಇದ್ದದ್ದರಿಂದ ಸುಮಾರು 0.08 ಕಡಿಮೆಯಾಗಿದೆ. ಉಳಿದ 0.01 ಸಮಯದ ಅಳತೆಯ ಅನಿಶ್ಚಿತತೆ 0.05ರೊಳಗೆ ಇದೆ.’

ಇಷ್ಟೆಲ್ಲ ಮಾಡಿದ ಮೇಲೂ 9.6 ಬಳಿಯೇ ನಿಂತರೆ ದಾರ ಕಟ್ಟಿದ ಜಾಗ ನೋಡಿ. ಸ್ಟ್ಯಾಂಡು ಸಡಿಲವಾಗಿ ಗುಂಡಿನ ಜೊತೆ ತಾನೂ ಅಲ್ಲಾಡುತ್ತಿದ್ದರೆ T ಜಾಸ್ತಿಯಾಗುತ್ತದೆ. ಸ್ಟ್ಯಾಂಡನ್ನು ಬಿಗಿಮಾಡಿ, ದಾರವನ್ನು ಸೀಳಿದ ಕಾರ್ಕಿನ ನಡುವೆ ಒತ್ತಿಹಿಡಿದು, ಕಾರ್ಕಿನ ಕೆಳತುದಿಯಿಂದಲೇ ಉದ್ದವನ್ನು ಮತ್ತೆ ಅಳೆಯಿರಿ. ಗುಂಡು ತೂಗಿದ ಮೇಲೆ ದಾರ ಎಳೆದುಕೊಂಡಿರಬಹುದು, ಆದ್ದರಿಂದ ಈ ಅಳತೆಯನ್ನು ಗುಂಡು ನೇತಾಡುತ್ತಿರುವಾಗಲೇ ತೆಗೆದುಕೊಳ್ಳಬೇಕು.